ಅಂಕಿಯ ಜೊತೆಗೆ ಅದರ ಸುತ್ತನ್ನೂ ಬರೆಯುವುದು: ಜನಗಣತಿ ಮತ್ತು ಸಮೀಕ್ಷಾ ಕೋಷ್ಟಕಗಳನ್ನು ಉಲ್ಲೇಖಿಸುವ ಕ್ರಮ

(ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನಕ್ಕಾಗಿ)

ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆಯ ಕರಡು, ಗ್ರಾಮ ಸಭೆಯ ನಡವಳಿ, ಮೇಲಿನ ಕಚೇರಿಗಳಿಗೆ ಸಲ್ಲಿಸುವ ಬೇಡಿಕೆ ಪತ್ರ, ಇವೆಲ್ಲವುಗಳಲ್ಲಿ "ಜನಗಣತಿಯ ಪ್ರಕಾರ" ಅಥವಾ "ಸಮೀಕ್ಷೆಯ ಪ್ರಕಾರ" ಎಂಬ ಮಾತು ಬರುತ್ತದೆ. ಯಾವ ಜನಗಣತಿ, ಯಾವ ಸಮೀಕ್ಷೆಯ ಎಷ್ಟನೆಯ ಸುತ್ತು, ಯಾವ ಕೋಷ್ಟಕ ಎಂಬುದನ್ನು ಬರೆಯದೆ ಬಿಟ್ಟರೆ, ಅಂಕಿ ಸರಿಯಾಗಿದ್ದರೂ ಅದನ್ನು ಪರಿಶೀಲಿಸಲು ಸಾಧ್ಯವಾಗುವುದಿಲ್ಲ. ಅಷ್ಟೇ ಅಲ್ಲ, ಎರಡು ಸರಿಯಾದ ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ತಪ್ಪು ತೀರ್ಮಾನಕ್ಕೆ ಬರುವ ಸಂಭವವೂ ಇರುತ್ತದೆ. ಅದು ಹೇಗೆಂಬುದನ್ನು ಈ ಪಾಠವು ಲಿಂಗಾನುಪಾತದ ಉದಾಹರಣೆಯ ಮೂಲಕ ವಿವರಿಸುತ್ತದೆ. ಬಳಿಕ ಅರಸೀಕೆರೆ ತಾಲ್ಲೂಕಿನ ಪಂಚಾಯಿತಿಗಳಂತಹ ಸ್ಥಳಗಳಲ್ಲಿ ಗ್ರಾಮವಾರು ಅಂಕಿಗಳನ್ನು ಕೂಡಿಸುವ ಮತ್ತು ಬರೆಯುವ ಕ್ರಮವನ್ನು ತಿಳಿಸುತ್ತದೆ.

1. ಒಂದೇ ರಾಜ್ಯಕ್ಕೆ ಮೂರು ಅಂಕಿಗಳು

ಕರ್ನಾಟಕದಲ್ಲಿ ಪ್ರತಿ ಸಾವಿರ ಪುರುಷರಿಗೆ ಎಷ್ಟು ಮಹಿಳೆಯರಿದ್ದಾರೆ ಎಂಬ ಪ್ರಶ್ನೆಗೆ ಸರ್ಕಾರಿ ಪ್ರಕಟಣೆಗಳಲ್ಲಿಯೇ ಮೂರು ಉತ್ತರಗಳು ದೊರೆಯುತ್ತವೆ: 968, 973 ಮತ್ತು 1,034. ಈ ಮೂರರಲ್ಲಿ ಯಾವುದೂ ಮುದ್ರಣದೋಷವಲ್ಲ.

ಮೊದಲನೆಯದಾದ 968, 2011ರ ಜನಗಣತಿಯ ತಾತ್ಕಾಲಿಕ ಅಂಕಿ. ಎಣಿಕೆ ಮುಗಿದ ಕೆಲವೇ ವಾರಗಳಲ್ಲಿ, ಗಣತಿದಾರರ ಸಾರಾಂಶ ಪಟ್ಟಿಗಳನ್ನು ಕೂಡಿಸಿ ಇದನ್ನು ಪ್ರಕಟಿಸಲಾಯಿತು. ಆಗ ರಾಜ್ಯದ ಜನಸಂಖ್ಯೆಯನ್ನು 6,11,30,704 ಎಂದು ತಿಳಿಸಲಾಗಿತ್ತು.

ಎರಡನೆಯದಾದ 973, ಅದೇ ಜನಗಣತಿಯ ಅಂತಿಮ ಅಂಕಿ. ಪ್ರತಿಯೊಂದು ಗಣತಿ ನಮೂನೆಯನ್ನೂ ಸಂಸ್ಕರಿಸಿದ ನಂತರ ರಾಜ್ಯದ ಜನಸಂಖ್ಯೆ 6,10,95,297 ಎಂದು ನಿಗದಿಯಾಯಿತು. ಅಂದರೆ ತಾತ್ಕಾಲಿಕ ಅಂಕಿಗಿಂತ 35,407 ಕಡಿಮೆ. ಪುರುಷರ ಸಂಖ್ಯೆ ಇಳಿದು ಮಹಿಳೆಯರ ಸಂಖ್ಯೆ ತುಸು ಏರಿದ್ದರಿಂದ ಅನುಪಾತವು ಐದು ಅಂಶದಷ್ಟು ಹೆಚ್ಚಾಯಿತು. ಸಾಕ್ಷರತಾ ಪ್ರಮಾಣವೂ ಇದೇ ರೀತಿ ಶೇ. 75.60ರಿಂದ ಶೇ. 75.36ಕ್ಕೆ ಬದಲಾಯಿತು. 2011ರಲ್ಲಿ ಅಚ್ಚಾದ ಕೈಪಿಡಿ, ಪತ್ರಿಕಾ ವರದಿಗಳಲ್ಲಿ ತಾತ್ಕಾಲಿಕ ಅಂಕಿಗಳೇ ಇರುವುದರಿಂದ, ಅವುಗಳನ್ನು ನಕಲು ಮಾಡಿದ ದಾಖಲೆಗಳಲ್ಲಿ ಇಂದಿಗೂ 968 ಮುಂದುವರಿದಿರುವುದುಂಟು. ಅಂತಿಮ ಅಂಕಿ ಪ್ರಕಟವಾದ ಮೇಲೆ ತಾತ್ಕಾಲಿಕ ಅಂಕಿಯನ್ನು ಬಳಸಬಾರದು. ರಾಜ್ಯದ ಜನಸಂಖ್ಯೆಯ ಕೊನೆಯ ಮೂರು ಅಂಕೆಗಳು 297 ಆಗಿವೆಯೋ 704 ಆಗಿವೆಯೋ ಎಂಬುದನ್ನು ನೋಡಿದರೆ, ಕೈಯಲ್ಲಿರುವ ದಾಖಲೆಯು ಯಾವ ಹಂತದ್ದೆಂದು ಕೂಡಲೇ ತಿಳಿಯುತ್ತದೆ.

ಮೂರನೆಯದಾದ 1,034 ಜನಗಣತಿಯದ್ದೇ ಅಲ್ಲ. ಅದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನ, ಅಂದರೆ ಎನ್‌ಎಫ್‌ಎಚ್‌ಎಸ್-5ರ ಅಂಕಿ. "2011ರಲ್ಲಿ 973 ಇದ್ದ ಲಿಂಗಾನುಪಾತವು 2019ರ ವೇಳೆಗೆ 1,034ಕ್ಕೆ ಏರಿದೆ" ಎಂದು ಬರೆಯುವುದು ಮೇಲ್ನೋಟಕ್ಕೆ ಸಹಜವಾಗಿ ಕಾಣುತ್ತದೆ. ಆದರೆ ಆ ವಾಕ್ಯ ತಪ್ಪು. ಜನಗಣತಿಯು ಮನೆಗಳಲ್ಲಿರುವವರ ಜೊತೆಗೆ ವಿದ್ಯಾರ್ಥಿನಿಲಯ, ಕಾರಾಗೃಹ ಮುಂತಾದ ಸಂಸ್ಥೆಗಳಲ್ಲಿರುವವರನ್ನೂ ವಸತಿರಹಿತರನ್ನೂ ಎಣಿಸುತ್ತದೆ. ಎನ್‌ಎಫ್‌ಎಚ್‌ಎಸ್ ಆಯ್ದ ಕುಟುಂಬಗಳನ್ನು ಮಾತ್ರ ಭೇಟಿ ಮಾಡಿ, ಹಿಂದಿನ ರಾತ್ರಿ ಆ ಮನೆಯಲ್ಲಿ ತಂಗಿದ್ದವರ ಆಧಾರದ ಮೇಲೆ ಈ ಅನುಪಾತವನ್ನು ಲೆಕ್ಕ ಹಾಕುತ್ತದೆ. ಕೆಲಸಕ್ಕೆಂದು ಬೆಂಗಳೂರಿಗೆ ಹೋಗಿ ಶೆಡ್ಡಿನಲ್ಲೋ ಹಾಸ್ಟೆಲಿನಲ್ಲೋ ಉಳಿದಿರುವ ಗಂಡಸು ಊರಿನ ಮನೆಯ ಲೆಕ್ಕಕ್ಕೆ ಬರುವುದಿಲ್ಲ. ಹಾಸ್ಟೆಲಿನಲ್ಲಿರುವುದರಿಂದ ಅಲ್ಲಿಯ ಲೆಕ್ಕಕ್ಕೂ ಬಾರದೆ ಹೋಗಬಹುದು. ಹೀಗೆ ಎರಡೂ ಅಳತೆಗಳ ಅಡಿಪಾಯವೇ ಬೇರೆಯಾದ್ದರಿಂದ, ಒಂದರಿಂದ ಇನ್ನೊಂದನ್ನು ಕಳೆದು ಸಿಗುವ 61 ಎಂಬುದು ಏರಿಕೆಯನ್ನು ತೋರಿಸುವುದಿಲ್ಲ.

ಹೋಲಿಕೆ ಮಾಡಲೇಬೇಕೆಂದಿದ್ದರೆ ಜನಗಣತಿಯನ್ನು ಜನಗಣತಿಯೊಂದಿಗೆ, ಸಮೀಕ್ಷೆಯನ್ನು ಅದೇ ಸಮೀಕ್ಷೆಯ ಹಿಂದಿನ ಸುತ್ತಿನೊಂದಿಗೆ ಹೋಲಿಸಬೇಕು. ಎನ್‌ಎಫ್‌ಎಚ್‌ಎಸ್-4ರಲ್ಲಿ ಕರ್ನಾಟಕದ ಅಂಕಿ 979 ಇತ್ತು. ಎನ್‌ಎಫ್‌ಎಚ್‌ಎಸ್-5ರಲ್ಲಿ 1,034 ಆಯಿತು. ಈ ಎರಡನ್ನು ಒಂದೇ ವಾಕ್ಯದಲ್ಲಿ ಬರೆಯಬಹುದು. ಹಾಗೆಯೇ ಹಾಸನ ಜಿಲ್ಲೆಯ ಜನಸಂಖ್ಯೆ 2001ರ ಜನಗಣತಿಯಲ್ಲಿ 17,21,669 ಇದ್ದು 2011ರಲ್ಲಿ 17,76,421 ಆಗಿದೆ, ಬೆಳವಣಿಗೆ ಶೇ. 3.18 ಎಂದು ಬರೆಯುವುದೂ ಸರಿ.

ಇಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. ಹಾಸನ ಜಿಲ್ಲೆಯ ಲಿಂಗಾನುಪಾತ 2011ರ ಜನಗಣತಿಯಲ್ಲಿ 1,010. ಯಾವ ಪ್ರದೇಶದ ಅಂಕಿ ಎಂಬುದನ್ನು ಬರೆಯದೆ "ಲಿಂಗಾನುಪಾತ 1,010" ಎಂದಷ್ಟೇ ಬರೆದರೆ ಓದುವವರು ಅದನ್ನು ರಾಜ್ಯದ್ದೆಂದೋ ತಾಲ್ಲೂಕಿನದ್ದೆಂದೋ ಭಾವಿಸುತ್ತಾರೆ.

2. ಸುತ್ತಿನ ಹೆಸರು ಮತ್ತು ವರ್ಷ

ದೊಡ್ಡ ಸಮೀಕ್ಷೆಗಳು ಹಲವು ವರ್ಷಗಳ ಅಂತರದಲ್ಲಿ ಮರಳಿ ನಡೆಯುತ್ತವೆ. ಪ್ರತಿ ಸಲದ ಸಮೀಕ್ಷೆಯನ್ನು ಒಂದು ಸುತ್ತು ಎಂದು ಕರೆಯಲಾಗುತ್ತದೆ. ಎನ್‌ಎಫ್‌ಎಚ್‌ಎಸ್‌ನ ಮೊದಲ ಐದು ಸುತ್ತುಗಳು ಕ್ರಮವಾಗಿ 1992-93, 1998-99, 2005-06, 2015-16 ಮತ್ತು 2019-21ರಲ್ಲಿ ನಡೆದವು. ಕೇಂದ್ರ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವಾಲಯದ ಪರವಾಗಿ ಮುಂಬೈನ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆಯು ಇವುಗಳನ್ನು ನಡೆಸಿದೆ.

ಐದನೆಯ ಸುತ್ತಿನ ವರ್ಷವನ್ನು ಬರೆಯುವಾಗ ಗೊಂದಲ ಹೆಚ್ಚು. ದೇಶದ ಮಾಹಿತಿ ಪತ್ರದಲ್ಲಿ "2019-21" ಎಂದಿದೆ. ಕರ್ನಾಟಕದ ಮಾಹಿತಿ ಪತ್ರದಲ್ಲಿ "2019-20" ಎಂದಿದೆ. ಇವು ಬೇರೆ ಬೇರೆ ಸಮೀಕ್ಷೆಗಳಲ್ಲ. ಆ ಸುತ್ತು ಎರಡು ಹಂತಗಳಲ್ಲಿ ನಡೆಯಿತು. ಮೊದಲ ಹಂತದ ರಾಜ್ಯಗಳ ಸಾಲಿನಲ್ಲಿ ಕರ್ನಾಟಕವಿತ್ತು. ಕೋವಿಡ್ ಕಾರಣದಿಂದ ಎರಡನೆಯ ಹಂತವು 2021ರ ಏಪ್ರಿಲ್‌ವರೆಗೆ ಎಳೆಯಿತು. ಕರ್ನಾಟಕದಲ್ಲಿ ಕ್ಷೇತ್ರಕಾರ್ಯ ನಡೆದದ್ದು 2019ರ ಜುಲೈನಿಂದ ಡಿಸೆಂಬರ್‌ವರೆಗೆ ಮಾತ್ರ.

ಈ ವಿವರವು ಯೋಜನೆ ಸಿದ್ಧಪಡಿಸುವವರಿಗೆ ಏಕೆ ಬೇಕು? ರಾಜ್ಯದ 15ರಿಂದ 49 ವರ್ಷದ ಮಹಿಳೆಯರಲ್ಲಿ ರಕ್ತಹೀನತೆ ಎನ್‌ಎಫ್‌ಎಚ್‌ಎಸ್-4ರಲ್ಲಿ ಶೇ. 44.8 ಇದ್ದು, ಎನ್‌ಎಫ್‌ಎಚ್‌ಎಸ್-5ರಲ್ಲಿ ಶೇ. 47.8 ಆಗಿದೆ. "2019-21" ಎಂಬ ವರ್ಷವನ್ನು ಮಾತ್ರ ನೋಡಿದವರು, ಕೋವಿಡ್ ಕಾಲದಲ್ಲಿ ಅಂಗನವಾಡಿ ಮುಚ್ಚಿದ್ದರಿಂದ ಹೀಗಾಯಿತು ಎಂದು ಕಾರಣ ಬರೆಯಬಹುದು. ಆದರೆ ಕರ್ನಾಟಕದ ರಕ್ತ ಪರೀಕ್ಷೆಗಳೆಲ್ಲ ಕೋವಿಡ್‌ಗೆ ಮೊದಲೇ ಮುಗಿದಿದ್ದವು. ಸುತ್ತಿನ ವರ್ಷವನ್ನು ತಪ್ಪಾಗಿ ತಿಳಿದರೆ ಕಾರಣವೂ ತಪ್ಪುತ್ತದೆ, ಕಾರಣ ತಪ್ಪಿದರೆ ಅದಕ್ಕಾಗಿ ಇಡುವ ಹಣವೂ ದಾರಿ ತಪ್ಪುತ್ತದೆ. ಆದ್ದರಿಂದ ಸುತ್ತಿನ ಸಂಖ್ಯೆ ಮತ್ತು ಮಾಹಿತಿ ಪತ್ರದಲ್ಲಿ ಅಚ್ಚಾಗಿರುವ ವರ್ಷ ಎರಡನ್ನೂ ಬರೆಯಬೇಕು: "ಎನ್‌ಎಫ್‌ಎಚ್‌ಎಸ್-5 (2019-20), ಕರ್ನಾಟಕ ರಾಜ್ಯ ಮಾಹಿತಿ ಪತ್ರ". ವರದಿ ಪ್ರಕಟವಾದ ವರ್ಷವನ್ನು ಸಮೀಕ್ಷೆಯ ವರ್ಷವೆಂದು ಬರೆಯಬಾರದು.

ಇದೇ ಅಂಕಿಯನ್ನು ಪಂಚಾಯಿತಿಯ ಅಂಕಿಯೆಂದು ಬರೆಯುವಂತಿಲ್ಲ. ಎನ್‌ಎಫ್‌ಎಚ್‌ಎಸ್-5ಕ್ಕಾಗಿ ರಾಜ್ಯದಲ್ಲಿ ಸಂದರ್ಶಿಸಿದ್ದು 26,574 ಕುಟುಂಬಗಳನ್ನು; ಆಗಿನ 30 ಜಿಲ್ಲೆಗಳಿಗೆ ಹಂಚಿದರೆ ಜಿಲ್ಲೆಗೆ ಸರಾಸರಿ 900ಕ್ಕಿಂತ ಕಡಿಮೆ. ಜಿಲ್ಲೆಯ ಮಟ್ಟಕ್ಕೆ ಇಷ್ಟು ಸಾಕು, ಅದಕ್ಕಿಂತ ಕೆಳಗೆ ಸಾಲದು. ಹೀಗಾಗಿ ಈ ಸಮೀಕ್ಷೆಯು ತಾಲ್ಲೂಕಿನ ಅಥವಾ ಪಂಚಾಯಿತಿಯ ಅಂಕಿಯನ್ನು ಪ್ರಕಟಿಸುವುದಿಲ್ಲ. ಜಿಲ್ಲಾ ಮಾಹಿತಿ ಪತ್ರದಲ್ಲಿಯೂ ಕೆಲವು ಅಂಕಿಗಳು ಆವರಣದೊಳಗಿರುತ್ತವೆ, ಕೆಲವು ಕಡೆ ನಕ್ಷತ್ರ ಚಿಹ್ನೆ ಮಾತ್ರ ಇರುತ್ತದೆ. ಆವರಣವೆಂದರೆ ಆ ಅಂಕಿಯು 25ರಿಂದ 49 ಪ್ರಕರಣಗಳನ್ನು ಮಾತ್ರ ಆಧರಿಸಿದೆ ಎಂದರ್ಥ. 25ಕ್ಕಿಂತ ಕಡಿಮೆ ಪ್ರಕರಣಗಳಿದ್ದರೆ ಅಂಕಿಯನ್ನೇ ಕೊಡದೆ ನಕ್ಷತ್ರ ಹಾಕುತ್ತಾರೆ. ನಕಲು ಮಾಡುವಾಗ ಆವರಣವನ್ನು ಬಿಟ್ಟುಬಿಡುವುದು ಸಾಮಾನ್ಯವಾದ ತಪ್ಪು. ಅದರೊಂದಿಗೆ ಅಂಕಿಯ ಮೇಲಿನ ಎಚ್ಚರಿಕೆಯೂ ಬಿದ್ದುಹೋಗುತ್ತದೆ.

ಪಂಚಾಯಿತಿಯಲ್ಲಿ ರಕ್ತಹೀನತೆ ಎಷ್ಟಿದೆ ಎಂಬುದು ತಿಳಿಯಬೇಕಾದರೆ ಪ್ರಾಥಮಿಕ ಆರೋಗ್ಯ ಕೇಂದ್ರ ಮತ್ತು ಆಶಾ ಕಾರ್ಯಕರ್ತೆಯರ ದಾಖಲೆಗಳಿಂದ, ಆ ಮೂಲವನ್ನು ಹೆಸರಿಸಿ, ತಿಂಗಳು ವರ್ಷದೊಂದಿಗೆ ಬರೆಯಬೇಕು. ರಾಜ್ಯದ ಅಂಕಿಯನ್ನು ಹಿನ್ನೆಲೆಯಾಗಿ ಕೊಡಲು ಅಡ್ಡಿಯಿಲ್ಲ, ಆದರೆ ಅದು ರಾಜ್ಯದ್ದೆಂದೇ ಹೇಳಬೇಕು.

3. "2011ರ ಜನಗಣತಿ" ಎಂಬ ಹೆಸರಿನಡಿ ಬರುವ ಮೂರು ಬೇರೆ ಬೇರೆ ಎಣಿಕೆಗಳು

ಪಂಚಾಯಿತಿ ದಾಖಲೆಗಳಲ್ಲಿ "2011ರ ಗಣತಿ" ಎಂದು ಬರೆದಿರುವ ಅಂಕಿಗಳು ವಾಸ್ತವದಲ್ಲಿ ಮೂರು ಕಡೆಗಳಿಂದ ಬಂದಿರಬಹುದು.

ಮೊದಲನೆಯದು ಜನಸಂಖ್ಯಾ ಎಣಿಕೆ. ಇದು 2011ರ ಫೆಬ್ರವರಿ 9ರಿಂದ 28ರವರೆಗೆ ನಡೆಯಿತು. ಮಾರ್ಚ್ 1ರ ಶೂನ್ಯ ವೇಳೆಗೆ ಇದ್ದ ಜನಸಂಖ್ಯೆಯನ್ನು ತಿಳಿಸುವಂತೆ ಮಾರ್ಚ್ 5ರವರೆಗೆ ಮರುಭೇಟಿ ನಡೆಸಿ ಅಂಕಿಯನ್ನು ತಿದ್ದಲಾಯಿತು. ಜನಸಂಖ್ಯೆ, ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದ ಸಂಖ್ಯೆ, ಸಾಕ್ಷರರು, ದುಡಿಯುವವರು ಎಲ್ಲವೂ ಇದರಿಂದಲೇ ಬಂದವು.

ಎರಡನೆಯದು ಅದೇ ಜನಗಣತಿಯ ಮನೆಪಟ್ಟಿ ಹಂತ. ಇದು 2010ರಲ್ಲಿಯೇ ನಡೆದಿತ್ತು. ಕುಡಿಯುವ ನೀರು, ಶೌಚಾಲಯ, ಅಡುಗೆ ಇಂಧನ, ಮನೆಯ ಗೋಡೆ, ಚಾವಣಿ ಮುಂತಾದ ಅಂಕಿಗಳು ಈ ಹಂತದವು. ಎರಡು ಹಂತಗಳ ನಡುವೆ ಹಲವು ತಿಂಗಳ ಅಂತರವಿರುವುದರಿಂದ, ಒಂದೇ ಗ್ರಾಮದ ಕುಟುಂಬಗಳ ಸಂಖ್ಯೆ ಎರಡು ಕೋಷ್ಟಕಗಳಲ್ಲಿ ಬೇರೆಯಾಗಿ ಕಂಡರೆ ಗಾಬರಿಪಡಬೇಕಾಗಿಲ್ಲ. ಒಂದು ಕೋಷ್ಟಕದ ಶೌಚಾಲಯ ಸಂಖ್ಯೆಯನ್ನು ಇನ್ನೊಂದು ಕೋಷ್ಟಕದ ಕುಟುಂಬಗಳ ಸಂಖ್ಯೆಯಿಂದ ಭಾಗಿಸಬಾರದು ಎಂಬುದನ್ನು ನೆನಪಿಡಬೇಕು.

ಮೂರನೆಯದು ಸಾಮಾಜಿಕ, ಆರ್ಥಿಕ ಮತ್ತು ಜಾತಿ ಗಣತಿ 2011. ಇದರ ಹೆಸರಿನಲ್ಲಿ "ಗಣತಿ" ಮತ್ತು "2011" ಎರಡೂ ಇದ್ದರೂ, ಇದು 1948ರ ಜನಗಣತಿ ಕಾಯ್ದೆಯಡಿ ನಡೆದದ್ದಲ್ಲ. ಗ್ರಾಮೀಣ ಭಾಗಕ್ಕೆ ಸಂಬಂಧಿಸಿದಂತೆ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವು ಇದರ ಹೊಣೆ ಹೊತ್ತಿತ್ತು, ಗ್ರಾಮೀಣ ಅಂಕಿಗಳು 2015ರ ಜುಲೈನಲ್ಲಿ ಪ್ರಕಟವಾದವು. ವಸತಿ ಯೋಜನೆಯ ಫಲಾನುಭವಿಗಳ ಪಟ್ಟಿಗೆ ಆಧಾರವಾದ ವಂಚಿತ ಕುಟುಂಬಗಳ ವಿವರ ಇದರದ್ದು. ಭೂರಹಿತ ಕುಟುಂಬಗಳ ಸಂಖ್ಯೆಯನ್ನು ಇದರಿಂದ ತೆಗೆದುಕೊಂಡು "2011ರ ಜನಗಣತಿ" ಎಂದು ಬರೆದರೆ, ಪರಿಶೀಲಿಸುವ ಅಧಿಕಾರಿ ಜನಗಣತಿ ಕೋಷ್ಟಕಗಳಲ್ಲಿ ಅದನ್ನು ಹುಡುಕಿ, ಸಿಗದೆ, ಕಡತವನ್ನು ಹಿಂದಿರುಗಿಸುತ್ತಾರೆ.

4. ಪಂಚಾಯಿತಿಯ ಜನಸಂಖ್ಯೆಯನ್ನು ಕೂಡಿಸುವ ಬಗೆ

ಗ್ರಾಮವಾರು ಅಂಕಿಗಳು ಜನಗಣತಿಯ "ಪ್ರಾಥಮಿಕ ಜನಗಣತಿ ಸಾರಾಂಶ" ಎಂಬ ಕೋಷ್ಟಕದಲ್ಲಿವೆ. ಮುದ್ರಿತ ರೂಪದಲ್ಲಿ ಇದು ಹಾಸನ ಜಿಲ್ಲಾ ಜನಗಣತಿ ಕೈಪಿಡಿಯ ಭಾಗ 12-ಬಿ. ಗ್ರಾಮಗಳಲ್ಲಿರುವ ಶಾಲೆ, ಆಸ್ಪತ್ರೆ, ರಸ್ತೆ ಮುಂತಾದ ಸೌಲಭ್ಯಗಳ ವಿವರ ಭಾಗ 12-ಎ ಯಲ್ಲಿದೆ. ಈ ಕೈಪಿಡಿಯ ಮುಖಪುಟದಲ್ಲಿ ಕರ್ನಾಟಕಕ್ಕೆ "ಸರಣಿ 30" ಎಂದಿರುತ್ತದೆ. ಕಂಪ್ಯೂಟರ್ ಕಡತದಲ್ಲಿ ರಾಜ್ಯ ಸಂಕೇತ 29, ಹಾಸನ ಜಿಲ್ಲೆಯ ಸಂಕೇತ 574 ಎಂದಿರುತ್ತದೆ. ಸರಣಿ ಸಂಖ್ಯೆ ಪುಸ್ತಕದ ಕ್ರಮಾಂಕ, ರಾಜ್ಯ ಸಂಕೇತ ಪ್ರದೇಶದ ಗುರುತು. ಒಂದರ ಜಾಗದಲ್ಲಿ ಇನ್ನೊಂದನ್ನು ಬರೆಯಬಾರದು.

ಅರಸೀಕೆರೆ ತಾಲ್ಲೂಕಿನಲ್ಲಿ ಈ ಕೋಷ್ಟಕವನ್ನು ಓದುವಾಗ ಮೂರು ಸಂಗತಿಗಳನ್ನು ಗಮನಿಸಬೇಕಾಗುತ್ತದೆ. ಒಂದು, ಕೋಷ್ಟಕದ ಪ್ರತಿ ಸಾಲೂ ಕಂದಾಯ ಗ್ರಾಮಕ್ಕೆ ಸಂಬಂಧಿಸಿದ್ದು. ಗೊಲ್ಲರಹಟ್ಟಿ, ತಾಂಡಗಳಂತಹ ಉಪಗ್ರಾಮಗಳ ಜನ ಮೂಲ ಕಂದಾಯ ಗ್ರಾಮದ ಸಾಲಿನಲ್ಲಿಯೇ ಸೇರಿರುತ್ತಾರೆ. ಈಚೆಗೆ ಕಂದಾಯ ಗ್ರಾಮವೆಂದು ಘೋಷಿತವಾದ ಹಟ್ಟಿ ಅಥವಾ ತಾಂಡಕ್ಕೆ 2011ರ ಕೋಷ್ಟಕದಲ್ಲಿ ಪ್ರತ್ಯೇಕ ಸಾಲು ಇರುವುದಿಲ್ಲ. ಎರಡು, ಬೇಚರಾಕ್ ಗ್ರಾಮಗಳು ಪಟ್ಟಿಯಲ್ಲಿದ್ದರೂ ಅವುಗಳ ಜನಸಂಖ್ಯೆ ಸೊನ್ನೆಯಾಗಿರುತ್ತದೆ. ಅದು ಬಿಟ್ಟುಹೋದ ಅಂಕಿಯಲ್ಲ. ಮೂರು, 2015ರಲ್ಲಿ ಗ್ರಾಮ ಪಂಚಾಯಿತಿಗಳ ಪುನರ್‌ವಿಂಗಡಣೆ ನಡೆದಿದೆ. ಆದ್ದರಿಂದ ಹಳೆಯ ಕಡತದಲ್ಲಿರುವ "ಪಂಚಾಯಿತಿಯ 2011ರ ಜನಸಂಖ್ಯೆ" ಈಗಿನ ಎಲ್ಲೆಗೆ ಅನ್ವಯಿಸದೆ ಇರಬಹುದು. ಈಗ ಪಂಚಾಯಿತಿಯಲ್ಲಿರುವ ಗ್ರಾಮಗಳ ಪಟ್ಟಿಯನ್ನು ಮುಂದಿಟ್ಟುಕೊಂಡು, ಗ್ರಾಮ ಸಂಕೇತದ ಆಧಾರದಿಂದ ಹೊಸದಾಗಿ ಕೂಡಿಸಬೇಕು. ಒಂದೇ ಹೆಸರಿನ ಎರಡು ಗ್ರಾಮಗಳು ಇರುವುದುಂಟಾದ್ದರಿಂದ ಹೆಸರನ್ನು ಮಾತ್ರ ನಂಬಬಾರದು.

ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳೋಣ. ಒಂದು ಪಂಚಾಯಿತಿಯಲ್ಲಿ ನಾಲ್ಕು ಗ್ರಾಮಗಳಿದ್ದು, 2011ರ ಜನಗಣತಿಯಂತೆ ಅವುಗಳ ಜನಸಂಖ್ಯೆ 2,310, 1,745, 1,392 ಮತ್ತು 983 ಇದೆ ಎಂದಿಟ್ಟುಕೊಳ್ಳೋಣ. ಒಟ್ಟು 6,430. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರಂತೆ ಸಾಮಾನ್ಯವಾಗಿ ಪ್ರತಿ 400 ಜನಸಂಖ್ಯೆಗೆ ಅಥವಾ ಅದರ ಭಾಗಕ್ಕೆ ಒಬ್ಬ ಸದಸ್ಯರು. 6,430ನ್ನು 400ರಿಂದ ಭಾಗಿಸಿದರೆ 16 ಪೂರ್ಣ ಭಾಗಗಳು ಬಂದು 30 ಜನ ಉಳಿಯುತ್ತಾರೆ. ಆ 30 ಜನರೂ ಒಂದು "ಭಾಗ"ವಾದ್ದರಿಂದ ಸದಸ್ಯರ ಸಂಖ್ಯೆ 17 ಆಗುತ್ತದೆ. ಯಾರಾದರೂ 2001ರ ಜನಗಣತಿಯ ಸಾಲನ್ನು ನೋಡಿ, ಅಲ್ಲಿದ್ದ ಒಟ್ಟು 6,390ನ್ನು ಬರೆದರೆ ಉತ್ತರ 16 ಆಗುತ್ತದೆ. ಅಂತರ ನಲವತ್ತು ಜನರದ್ದು ಮಾತ್ರ, ಆದರೆ ಒಂದು ಸ್ಥಾನ ಇಲ್ಲವಾಗುತ್ತದೆ. ಮೀಸಲಾತಿ ಸ್ಥಾನಗಳ ಲೆಕ್ಕವೂ ಅದರೊಂದಿಗೆ ಅಲುಗುತ್ತದೆ.

ಸಂವಿಧಾನದ 243ನೇ ಅನುಚ್ಛೇದವು ಈ ಸಂದರ್ಭದಲ್ಲಿ "ಜನಸಂಖ್ಯೆ" ಎಂದರೆ ಸಂಬಂಧಿತ ಅಂಕಿಗಳು ಪ್ರಕಟವಾಗಿರುವ ಹಿಂದಿನ ಕೊನೆಯ ಜನಗಣತಿಯಲ್ಲಿ ಕಂಡುಬಂದ ಜನಸಂಖ್ಯೆ ಎಂದು ಅರ್ಥ ನಿರೂಪಿಸಿದೆ. "ಪ್ರಕಟವಾಗಿರುವ" ಎಂಬ ಪದಕ್ಕೆ ಇಲ್ಲಿ ಹೆಚ್ಚಿನ ತೂಕವಿದೆ. ಮುಂದಿನ ಜನಗಣತಿಗೆ 2027ರ ಮಾರ್ಚ್ 1 ಅನ್ನು ಉಲ್ಲೇಖ ದಿನವಾಗಿ ಅಧಿಸೂಚಿಸಲಾಗಿದೆ. ಆದರೆ ಎಣಿಕೆ ನಡೆದ ಮಾತ್ರಕ್ಕೆ 2011ರ ಅಂಕಿ ಹಿಂದೆ ಸರಿಯುವುದಿಲ್ಲ. ಹೊಸ ಅಂಕಿಗಳು ಪ್ರಕಟವಾಗಬೇಕು. ಆಶಾ ಕಾರ್ಯಕರ್ತೆಯರ ಮನೆ ಸಮೀಕ್ಷೆಯಾಗಲಿ, ಮತದಾರರ ಪಟ್ಟಿಯಾಗಲಿ ವಾಸ್ತವಕ್ಕೆ ಹೆಚ್ಚು ಹತ್ತಿರವಿರಬಹುದು, ಆದರೆ ಸ್ಥಾನಗಳ ಲೆಕ್ಕಕ್ಕೆ ಅವು ಆಧಾರವಾಗುವುದಿಲ್ಲ. ಸದಸ್ಯರ ಸಂಖ್ಯೆಯನ್ನು ನಿಗದಿಪಡಿಸುವುದು ಪಂಚಾಯಿತಿಯ ಕೆಲಸವಲ್ಲವಾದರೂ, ಕರಡಿಗೆ ಆಕ್ಷೇಪಣೆ ಸಲ್ಲಿಸುವ ಸದಸ್ಯರು ಗ್ರಾಮವಾರು ಸಾಲುಗಳನ್ನು ಸಂಕೇತದೊಂದಿಗೆ ಲಗತ್ತಿಸಿದರೆ ಅದನ್ನು ಪರಿಶೀಲಿಸಲು ಸುಲಭ.

5. ಉಲ್ಲೇಖದ ಮಾದರಿ

ಒಂದು ಅಂಕಿಯ ಉಲ್ಲೇಖದಲ್ಲಿ ಐದು ಅಂಶಗಳಿರಬೇಕು: ಗಣತಿ ಅಥವಾ ಸಮೀಕ್ಷೆಯ ಪೂರ್ಣ ಹೆಸರು, ಅದರ ವರ್ಷ ಅಥವಾ ಸುತ್ತು, ಕೋಷ್ಟಕದ ಹೆಸರು, ಪ್ರದೇಶದ ಮಟ್ಟ, ಯಾರನ್ನು ಕುರಿತ ಅಂಕಿ ಎಂಬ ವಿವರ. ಪಂಚಾಯಿತಿಯೇ ಕೂಡಿಸಿದ ಅಂಕಿಯಾದರೆ ಅದನ್ನೂ ಹೇಳಬೇಕು.

ತಪ್ಪು ರೂಪ: "ಜನಗಣತಿ ಪ್ರಕಾರ ನಮ್ಮ ಪಂಚಾಯಿತಿಯ ಶೇ. 47.8 ಮಹಿಳೆಯರಿಗೆ ರಕ್ತಹೀನತೆ ಇದೆ."

ಸರಿಯಾದ ರೂಪ: "ಕರ್ನಾಟಕ ರಾಜ್ಯದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 47.8 ಮಂದಿಗೆ ರಕ್ತಹೀನತೆ ಇದೆ (ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ-5, 2019-20, ಕರ್ನಾಟಕ ರಾಜ್ಯ ಮಾಹಿತಿ ಪತ್ರ). ಪಂಚಾಯಿತಿ ಮಟ್ಟದ ಅಂಕಿ ಈ ಸಮೀಕ್ಷೆಯಲ್ಲಿ ಲಭ್ಯವಿಲ್ಲ."

ತಪ್ಪು ರೂಪ: "2011ರ ಗಣತಿ: ಜನಸಂಖ್ಯೆ 6,430."

ಸರಿಯಾದ ರೂಪ: "ಪಂಚಾಯಿತಿಯ ಈಗಿನ ನಾಲ್ಕು ಕಂದಾಯ ಗ್ರಾಮಗಳ ಒಟ್ಟು ಜನಸಂಖ್ಯೆ 6,430 (ಭಾರತದ ಜನಗಣತಿ 2011, ಅಂತಿಮ ಅಂಕಿ, ಪ್ರಾಥಮಿಕ ಜನಗಣತಿ ಸಾರಾಂಶ, ಹಾಸನ ಜಿಲ್ಲೆ, ಅರಸೀಕೆರೆ ತಾಲ್ಲೂಕು, ಗ್ರಾಮವಾರು ಅಂಕಿಗಳನ್ನು ಪಂಚಾಯಿತಿ ಕಚೇರಿಯಲ್ಲಿ ಕೂಡಿಸಿದೆ, ಪಟ್ಟಿ ಲಗತ್ತಿಸಿದೆ)."

6. ಅಭ್ಯಾಸ

ಕಲ್ಪಿತ ಗ್ರಾಮವೊಂದರ ಸಾಲು ಕಂಪ್ಯೂಟರ್ ಕಡತದಲ್ಲಿ ಹೀಗಿದೆ:

```
TOT_P   P_06   P_LIT
1240    130    777
```

`TOT_P` ಎಂದರೆ ಒಟ್ಟು ಜನಸಂಖ್ಯೆ, `P_06` ಎಂದರೆ 0ಯಿಂದ 6 ವರ್ಷದ ಮಕ್ಕಳು, `P_LIT` ಎಂದರೆ ಸಾಕ್ಷರರು. ಈ ಗ್ರಾಮದ ಸಾಕ್ಷರತಾ ಪ್ರಮಾಣವನ್ನು ಲೆಕ್ಕ ಹಾಕಿ, ಉಲ್ಲೇಖದೊಂದಿಗೆ ಒಂದು ವಾಕ್ಯ ಬರೆಯಿರಿ.

ಉತ್ತರ: ಜನಗಣತಿಯು ಸಾಕ್ಷರತೆಯನ್ನು 7 ವರ್ಷ ಮತ್ತು ಮೇಲ್ಪಟ್ಟವರಲ್ಲಿ ಅಳೆಯುತ್ತದೆ. ಆದ್ದರಿಂದ 1,240ರಲ್ಲಿ 130ನ್ನು ಕಳೆದು, ಉಳಿದ 1,110ರಿಂದ 777ನ್ನು ಭಾಗಿಸಬೇಕು. ಉತ್ತರ ಶೇ. 70.0. ಒಟ್ಟು ಜನಸಂಖ್ಯೆಯಿಂದಲೇ ಭಾಗಿಸಿದರೆ ಶೇ. 62.7 ಬರುತ್ತದೆ. ಈ ಅಂಕಿಯನ್ನು ಹಾಸನ ಜಿಲ್ಲೆಯ ಶೇ. 76.07ರ ಪಕ್ಕದಲ್ಲಿಟ್ಟರೆ ಗ್ರಾಮವು ಇರುವುದಕ್ಕಿಂತ ಹೆಚ್ಚು ಹಿಂದುಳಿದಂತೆ ಕಾಣುತ್ತದೆ. ಜಿಲ್ಲೆಯ ಅಂಕಿ 7 ವರ್ಷ ಮೇಲ್ಪಟ್ಟವರದ್ದು, ಗ್ರಾಮದ ಅಂಕಿ ಎಲ್ಲರದ್ದು. ಎನ್‌ಎಫ್‌ಎಚ್‌ಎಸ್‌ನ ಮಹಿಳಾ ಸಾಕ್ಷರತೆ 15ರಿಂದ 49 ವರ್ಷದವರಿಗೆ ಸೀಮಿತವಾದ್ದರಿಂದ, ಅದನ್ನೂ ಈ ಪ್ರಮಾಣದೊಂದಿಗೆ ಹೋಲಿಸುವಂತಿಲ್ಲ.

ಬರೆಯಬೇಕಾದ ವಾಕ್ಯ: "ಗ್ರಾಮದಲ್ಲಿ 7 ವರ್ಷ ಮತ್ತು ಮೇಲ್ಪಟ್ಟವರ ಸಾಕ್ಷರತೆ ಶೇ. 70.0 (ಭಾರತದ ಜನಗಣತಿ 2011, ಪ್ರಾಥಮಿಕ ಜನಗಣತಿ ಸಾರಾಂಶದ ಗ್ರಾಮವಾರು ಅಂಕಿಗಳಿಂದ ಪಂಚಾಯಿತಿ ಕಚೇರಿಯಲ್ಲಿ ಲೆಕ್ಕ ಹಾಕಿದ್ದು)."

ಮುಂದಿನ ಗ್ರಾಮ ಸಭೆಗೆ ಮುನ್ನ, ತಮ್ಮ ಪಂಚಾಯಿತಿಯ ಅಭಿವೃದ್ಧಿ ಯೋಜನೆಯ ಮೊದಲ ಎರಡು ಪುಟಗಳಲ್ಲಿರುವ ಪ್ರತಿ ಅಂಕಿಗೂ ಮೇಲಿನ ಐದು ಅಂಶಗಳು ಇವೆಯೇ ಎಂಬುದನ್ನು ಸದಸ್ಯರು ಪರಿಶೀಲಿಸುವುದು. ಮೂಲ ಸಿಗದ ಅಂಕಿಯನ್ನು ಹಿಂದಿನ ವರ್ಷದ ಯೋಜನೆಯಿಂದ ಹಾಗೆಯೇ ಮುಂದುವರಿಸದೆ, ಅದರ ಜಾಗದಲ್ಲಿ ಮೂಲ ತಿಳಿದಿರುವ ಅಂಕಿಯನ್ನು ಬರೆಯುವುದು.